ನೋಟಿಸ್ ಹಾಕಿದ್ದರೂ ‘ನಮಗೆ ಗೊತ್ತೇ ಇರಲಿಲ್ಲ’: ಬಾಡಿಗೆದಾರರ ಗ್ರೂಪಿನ ದೋಷ ನಿವಾರಣೆ ಕೈಪಿಡಿ

ದೋಷದ ಲಕ್ಷಣ

ಹತ್ತು ಮನೆಗಳ ಸಣ್ಣ ಕಟ್ಟಡ, ಬಾಡಿಗೆದಾರರದೇ ಒಂದು ವಾಟ್ಸಾಪ್ ಗ್ರೂಪ್. ಟ್ಯಾಂಕ್ ತೊಳೆಯಲು ನೀರು ನಿಲ್ಲಿಸುವ ವಿಷಯ ಗ್ರೂಪಿನಲ್ಲಿ ಬಂದಿದೆ. ಆದರೂ ನಲ್ಲಿ ಬಂದ್ ಆದ ಕೂಡಲೇ ನಾಲ್ಕು ಮನೆಯವರು ‘ಹೇಳದೆ ಕೇಳದೆ ನೀರು ನಿಲ್ಲಿಸಿದ್ದೀರಿ’ ಎಂದು ದೂರುತ್ತಾರೆ. ಹಾಕಿದವರು ‘ಮೊನ್ನೆಯೇ ಹಾಕಿದ್ದೇನೆ, ಮೇಲೆ ನೋಡಿ’ ಎನ್ನುತ್ತಾರೆ. ಅಲ್ಲಿಂದ ಜಗಳ ಶುರು. ಸಂಜೆಯ ಹೊತ್ತಿಗೆ ನೀರು ಬಂದಿರುತ್ತದೆ, ಜಗಳ ಮಾತ್ರ ಮರುದಿನಕ್ಕೂ ಉಳಿಯುತ್ತದೆ.

ಇಂಥ ಹೊತ್ತಿನಲ್ಲಿ ‘ಜನ ಓದುವುದಿಲ್ಲ’ ಎಂದು ತೀರ್ಮಾನಿಸಿ ಅದೇ ನೋಟಿಸನ್ನು ಇನ್ನೂ ಮೂರು ಸಲ, ದಪ್ಪ ಅಕ್ಷರದಲ್ಲಿ ಹಾಕುವುದು ವಾಡಿಕೆ. ಅದರಿಂದ ದೋಷ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನೋಟಿಸ್ ತಪ್ಪಿಹೋಗುವುದಕ್ಕೆ ನಾಲ್ಕು ಬೇರೆ ಬೇರೆ ಕಾರಣಗಳಿವೆ, ನಾಲ್ಕಕ್ಕೂ ಮದ್ದು ಬೇರೆ. ಸಂದೇಶ ಫೋನಿಗೆ ತಲುಪಿಲ್ಲದಿರಬಹುದು. ತಲುಪಿದರೂ ತೆರೆದಿಲ್ಲದಿರಬಹುದು. ತೆರೆದರೂ ತಡವಾಗಿರಬಹುದು. ಸಮಯಕ್ಕೆ ಓದಿದರೂ ತಪ್ಪಾಗಿ ಅರ್ಥವಾಗಿರಬಹುದು. ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಯಾರನ್ನೂ ಪ್ರಶ್ನಿಸಬೇಕಿಲ್ಲ, ಹಾಕಿದವರ ಫೋನಿನಲ್ಲೇ ಉತ್ತರ ಇರುತ್ತದೆ.

ಮೊದಲ ಪರೀಕ್ಷೆ: ಸಂದೇಶದ ಮಾಹಿತಿ

ನೋಟಿಸ್ ಹಾಕಿದವರು ತಮ್ಮ ಸಂದೇಶದ ಮೇಲೆ ಬೆರಳು ಒತ್ತಿ ಹಿಡಿದು Message info ತೆರೆಯಬೇಕು. ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂಬ ಎರಡು ಪಟ್ಟಿ ಅಲ್ಲಿರುತ್ತವೆ. ಹೆಸರು ಮುಟ್ಟಿದರೆ ಗಂಟೆ, ನಿಮಿಷವೂ ಕಾಣುತ್ತದೆ. ಕಳಿಸಿದವರಿಗೆ ಬಿಟ್ಟು ಬೇರೆಯವರಿಗೆ ಇದು ಕಾಣುವುದಿಲ್ಲ. ಆದ್ದರಿಂದ ಸಿಟ್ಟಿನಲ್ಲಿ ಹಳೆಯ ನೋಟಿಸನ್ನು ಅಳಿಸಿ ಹೊಸದು ಹಾಕಬೇಡಿ, ಅಳಿಸಿದರೆ ಸಾಕ್ಷಿಯೂ ಹೋಗುತ್ತದೆ.

ಗ್ರೂಪಿನಲ್ಲಿ ಬೂದು ಬಣ್ಣದ ಎರಡು ಟಿಕ್ ಬರುವುದು ಎಲ್ಲರ ಫೋನಿಗೂ ತಲುಪಿದ ಮೇಲೆ. ನೀಲಿಯಾಗುವುದು ಎಲ್ಲರೂ ಓದಿದ ಮೇಲೆ. ಹಾಗಾಗಿ ದಿನಗಟ್ಟಲೆ ಒಂದೇ ಟಿಕ್ ನಿಂತಿದ್ದರೆ ಪಟ್ಟಿಯಲ್ಲಿ ಸತ್ತ ನಂಬರ್ ಒಂದಾದರೂ ಇರುವ ಸಾಧ್ಯತೆ ಹೆಚ್ಚು. ಸ್ವಂತ ಚಾಟ್‌ಗಳಲ್ಲಿ ನೀಲಿ ಟಿಕ್ ಬಂದ್ ಮಾಡಿಕೊಂಡವರದ್ದೂ ಗ್ರೂಪಿನಲ್ಲಿ ಕಾಣುತ್ತದೆ, ಆ ಸೆಟ್ಟಿಂಗ್ ಗ್ರೂಪಿಗೆ ಅನ್ವಯಿಸುವುದಿಲ್ಲ.

ಈ ಪಟ್ಟಿಗೆ ಎರಡು ಮಿತಿಗಳಿವೆ. ‘ಓದಿದ್ದಾರೆ’ ಎಂದರೆ ಚಾಟ್ ತೆರೆದಿದ್ದಾರೆ ಎಂದಷ್ಟೇ ಅರ್ಥ, ಮನಸ್ಸಿಗೆ ಹೋಗಿದೆ ಎಂದಲ್ಲ. ಇನ್ನೊಂದು ಕಡೆ, ಪರದೆಯ ಮೇಲೆ ಬಂದ ಸೂಚನೆಯಲ್ಲೇ ಓದಿಕೊಂಡು ಚಾಟ್ ತೆರೆಯದವರು ‘ತಲುಪಿದೆ’ ಎಂಬ ಪಟ್ಟಿಯಲ್ಲೇ ಇರುತ್ತಾರೆ. ಆದ್ದರಿಂದ ಇದು ನಿಮ್ಮ ದೋಷ ಹುಡುಕುವುದಕ್ಕೆ ಮಾತ್ರ. ಇದರ ಸ್ಕ್ರೀನ್‌ಶಾಟ್ ತೆಗೆದು ‘ನೀವು ರಾತ್ರಿ 11:20ಕ್ಕೇ ಓದಿದ್ದೀರಲ್ಲ’ ಎಂದು ಗ್ರೂಪಿಗೆ ಹಾಕಿದರೆ ಅವರು ಆಮೇಲೆ ಗ್ರೂಪನ್ನೇ ತೆರೆಯುವುದಿಲ್ಲ.

ಒಂದು ಪ್ರಕರಣವನ್ನು ಬಿಡಿಸಿ ನೋಡುವುದು

ಮೇಲಿನ ಹತ್ತು ಮನೆಯ ಕಟ್ಟಡವನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಗ್ರೂಪಿನಲ್ಲಿ 17 ಜನ. ನೋಟಿಸ್ ಹಾಕಿದ್ದು 1ನೇ ಮನೆಯವರು, ಗುರುವಾರ ರಾತ್ರಿ 10:50ಕ್ಕೆ. ಟ್ಯಾಂಕ್ ತೊಳೆಯುವುದು ಶನಿವಾರ 9ರಿಂದ 1ರವರೆಗೆ. ಸಂದೇಶ ಎಂದರೆ ಒಂದು ಪೋಸ್ಟರ್ ಚಿತ್ರ, ಕೆಳಗೆ ‘ನಾಡಿದ್ದು ಟ್ಯಾಂಕ್ ಕ್ಲೀನಿಂಗ್, ವಿವರ ಪೋಸ್ಟರ್‌ನಲ್ಲಿ’ ಎಂಬ ಸಾಲು. ಅದಾದ ಮೇಲೆ ಶನಿವಾರ ಬೆಳಗ್ಗೆಯೊಳಗೆ ಗ್ರೂಪಿನಲ್ಲಿ 38 ಸಂದೇಶ ಬಂದಿವೆ: 11 ‘ಓಕೆ’, ‘ಸರಿ’, 9 ಶುಭೋದಯದ ಚಿತ್ರ, 18 ಪಾರ್ಕಿಂಗ್ ವಾಗ್ವಾದ. ದೂರು ಬಂದದ್ದು 2, 5, 6, 8ನೇ ಮನೆಗಳಿಂದ.

ಹಾಕಿದವರನ್ನು ಬಿಟ್ಟರೆ ಉಳಿದದ್ದು 16 ಜನ. ಶನಿವಾರ ಮಧ್ಯಾಹ್ನ ಪಟ್ಟಿ ತೆರೆದಾಗ 12 ಜನ ಓದಿದ್ದಾರೆ, 3 ಜನಕ್ಕೆ ತಲುಪಿದೆ ಆದರೆ ಓದಿಲ್ಲ, ಒಬ್ಬರಿಗೆ ತಲುಪಿಯೇ ಇಲ್ಲ.

ತಲುಪದ ಆ ಒಂದು ನಂಬರ್ 2ನೇ ಮನೆಯವರದ್ದು. ಅವರು ಸಿಮ್ ಬದಲಿಸಿದ್ದಾರೆ, ಗ್ರೂಪಿನಲ್ಲಿರುವುದು ಹಳೆಯ ನಂಬರ್. ಅವರು ‘ಗೊತ್ತೇ ಇರಲಿಲ್ಲ’ ಎಂದದ್ದು ಅಕ್ಷರಶಃ ನಿಜ.

ತಲುಪಿದರೂ ಓದದ ಮೂವರಲ್ಲಿ ಒಬ್ಬರು 5ನೇ ಮನೆಯವರು. ಇನ್ನೊಬ್ಬರು 3ನೇ ಮನೆಯ ಎರಡನೇ ಸದಸ್ಯರು, ಅವರ ಮನೆಯಲ್ಲಿ ಬೇರೊಬ್ಬರು ಓದಿದ್ದಾರೆ, ತೊಂದರೆ ಇಲ್ಲ. ಮೂರನೆಯವರು ಈ ಕಟ್ಟಡದಲ್ಲೇ ಇಲ್ಲ, ಹಿಂದೆಯೇ ಮನೆ ಖಾಲಿ ಮಾಡಿಹೋದವರು. ಅವರ ಹೆಸರು ಉಳಿದಿರುವುದು ಬೇರೆಯೇ ಒಂದು ದೋಷ, ಅದನ್ನು ಮುಂದೆ ನೋಡೋಣ.

ಓದಿದ 12 ಜನರಲ್ಲಿ ಇಬ್ಬರು ಓದಿದ್ದು ನೀರು ನಿಂತ ಮೇಲೆ. ಅವರಲ್ಲಿ ಒಬ್ಬರು 6ನೇ ಮನೆಯವರು, ಶನಿವಾರ 10:20ಕ್ಕೆ. ಇನ್ನೊಬ್ಬರು 9ನೇ ಮನೆಯ ಎರಡನೇ ಸದಸ್ಯರು, ಅಲ್ಲೂ ಮೊದಲನೆಯವರು ಸಮಯಕ್ಕೆ ಓದಿದ್ದರು.

8ನೇ ಮನೆಯವರು ಶುಕ್ರವಾರ ಬೆಳಗ್ಗೆ 7:10ಕ್ಕೇ ಓದಿದ್ದಾರೆ. ಆದರೂ ತಪ್ಪಿದೆ. ಏಕೆಂದರೆ ಶುಕ್ರವಾರ ಓದಿದವರಿಗೆ ‘ನಾಡಿದ್ದು’ ಎಂದರೆ ಭಾನುವಾರ. ದಿನಾಂಕ ಪೋಸ್ಟರ್ ಒಳಗೆ ಸಣ್ಣ ಅಕ್ಷರದಲ್ಲಿತ್ತು, ಚಿತ್ರ ತೆರೆದು ಹಿಗ್ಗಿಸಿದರೆ ಮಾತ್ರ ಕಾಣುವಂಥದ್ದು.

ನಾಲ್ಕು ದೂರು, ನಾಲ್ಕು ಕಾರಣ. ಆದರೆ ಈ ಪಟ್ಟಿಯನ್ನು ಮನೆವಾರು ಜೋಡಿಸಿದಾಗ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ದೂರು ಕೊಟ್ಟ ನಾಲ್ಕೂ ಮನೆಗಳಿಂದ ಗ್ರೂಪಿನಲ್ಲಿರುವುದು ತಲಾ ಒಬ್ಬರೇ. ಉಳಿದ ಆರು ಮನೆಗಳಿಂದ ಇಬ್ಬಿಬ್ಬರಿದ್ದಾರೆ. ಎರಡು ಫೋನ್ ಇರುವ ಮನೆಯಲ್ಲಿ ಒಬ್ಬರು ತಪ್ಪಿಸಿಕೊಂಡರೂ ಇನ್ನೊಬ್ಬರು ಬಾಯಿಮಾತಿನಲ್ಲಿ ಹೇಳಿಬಿಡುತ್ತಾರೆ. ಹಾಗಾಗಿ ಮಿಕ್ಕೆಲ್ಲಕ್ಕಿಂತ ಮೊದಲು ಮಾಡಬೇಕಾದ ರಿಪೇರಿ ಇದೇ.

ರಿಪೇರಿ ಒಂದು: ಪಟ್ಟಿ

ಮನೆ ನಂಬರ್ ಬರೆದು ಪ್ರತಿ ಮನೆಗೂ ಎರಡು ಫೋನ್ ನಂಬರ್ ಎಂದು ಒಂದು ಹಾಳೆ ಮಾಡಿ. ಒಬ್ಬರೇ ವಾಸವಿರುವ ಮನೆಯಾದರೆ ಎರಡನೆಯದಾಗಿ ಪಕ್ಕದ ಮನೆಯವರನ್ನು ‘ಹೇಳುವವರು’ ಎಂದು ಗುರುತಿಸಿ. ಸ್ಮಾರ್ಟ್‌ಫೋನ್ ಬಳಸದವರಿದ್ದರೆ ಅವರಿಗೂ ಹೀಗೇ ಒಬ್ಬರು. ಅದರ ಜೊತೆಗೆ ಮೆಟ್ಟಿಲ ಬಳಿ ಒಂದು ಕಾಗದ ಅಂಟಿಸಿ. ಗ್ರೂಪ್ ಬಂತು ಎಂದು ಕಾಗದವನ್ನು ಬಿಟ್ಟುಬಿಡುವ ಕಟ್ಟಡಗಳಲ್ಲಿ ಮೊದಲು ತಪ್ಪಿಹೋಗುವುದು ವಯಸ್ಸಾದವರ ಮನೆ.

ಯಾರನ್ನಾದರೂ ಸೇರಿಸುವ ಮೊದಲು ಕೇಳಿ. ಗ್ರೂಪಿಗೆ ಸೇರಿದರೆ ಅವರ ನಂಬರ್ ಎಲ್ಲರಿಗೂ ಸಿಗುತ್ತದೆ ಎಂಬುದನ್ನೂ ಹೇಳಿ. ಬೇಡ ಎಂದವರನ್ನು ಬಲವಂತ ಮಾಡದೆ ‘ಹೇಳುವವರ’ ದಾರಿಗೆ ಹಾಕಿ. ಗ್ರೂಪಿನಲ್ಲಿ ಹೆಸರು ಯಾರದ್ದು, ಯಾವ ಮನೆ ಎಂದು ತಿಳಿಯುವಂತೆ ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ‘5ನೇ ಮನೆ’ ಎಂದು ಮೊದಲು ಬರುವಂತೆ ಸೇವ್ ಮಾಡಿಕೊಂಡರೆ ಅನುಕೂಲ.

ಮನೆ ಖಾಲಿ ಮಾಡಿದವರನ್ನು ಕೀಲಿ ಕೊಟ್ಟ ದಿನವೇ ಪಟ್ಟಿಯಿಂದ ತೆಗೆಯಬೇಕು. ಅವರಿಗೆ ಅವಮಾನ ಎಂದು ಸಂಕೋಚಪಟ್ಟು ಬಿಡುವುದುಂಟು. ಆದರೆ ‘ನಾವು ಒಂದು ವಾರ ಊರಿಗೆ ಹೋಗುತ್ತಿದ್ದೇವೆ, ಮನೆ ಬೀಗ ಹಾಕಿದೆ’ ಎಂಬಂಥ ಮಾತು ಗ್ರೂಪಿನಲ್ಲಿ ಬರುತ್ತದೆ. ಅದು ಕಟ್ಟಡದಲ್ಲಿ ವಾಸವಿಲ್ಲದವರಿಗೆ ಹೋಗುವುದು ಸರಿಯಲ್ಲ. ‘ಇಷ್ಟು ದಿನ ಜೊತೆಗಿದ್ದದ್ದಕ್ಕೆ ಧನ್ಯವಾದ, ಇವತ್ತು ಗ್ರೂಪಿನಿಂದ ನಿಮ್ಮ ನಂಬರ್ ತೆಗೆಯುತ್ತಿದ್ದೇವೆ’ ಎಂದು ಅವರಿಗೇ ಒಂದು ಸಂದೇಶ ಕಳಿಸಿ ತೆಗೆದರೆ ಯಾರಿಗೂ ಬೇಸರವಿಲ್ಲ. ಮೂರು ತಿಂಗಳಿಗೊಮ್ಮೆ ಹಾಳೆಯನ್ನೂ ಗ್ರೂಪಿನ ಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಿ. ಅಡ್ಮಿನ್ ಇಬ್ಬರಿರಲಿ, ಒಬ್ಬರು ಊರಲ್ಲಿಲ್ಲದಿದ್ದರೂ ಕೆಲಸ ನಡೆಯಬೇಕು.

ಮನೆಯ ಮಾಲೀಕರು ಈ ಗ್ರೂಪಿನಲ್ಲಿ ಇರಬೇಕೋ ಬೇಡವೋ ಎಂಬುದನ್ನು ಮೊದಲೇ ಎಲ್ಲರೂ ಸೇರಿ ತೀರ್ಮಾನಿಸಿ. ಎರಡೂ ನಡೆಯುತ್ತದೆ. ಬಾಡಿಗೆದಾರರಷ್ಟೇ ಎಂದುಕೊಂಡು ಮಾತಾಡುತ್ತಿರುವ ಗ್ರೂಪಿಗೆ ಒಂದು ದಿನ ಸದ್ದಿಲ್ಲದೆ ಮಾಲೀಕರನ್ನು ಸೇರಿಸುವುದು ಮಾತ್ರ ಸರಿಯಲ್ಲ. ಆಮೇಲೆ ಯಾರೂ ರಿಪೇರಿಯ ವಿಷಯವನ್ನೂ ಬಾಯಿಬಿಟ್ಟು ಹೇಳುವುದಿಲ್ಲ.

ರಿಪೇರಿ ಎರಡು: ಮ್ಯೂಟ್

5ನೇ ಮನೆ, 6ನೇ ಮನೆ ಎರಡಕ್ಕೂ ಮೂಲ ಒಂದೇ, ಅವರು ಗ್ರೂಪನ್ನು ಮ್ಯೂಟ್ ಮಾಡಿದ್ದಾರೆ. ಅದು ಗೊತ್ತಾಗುವುದು ಹೇಗೆ? ನಿಮ್ಮ ಹಿಂದಿನ ಮೂರು ನೋಟಿಸ್‌ಗಳ ಮಾಹಿತಿ ತೆರೆದು ಅದೇ ವ್ಯಕ್ತಿಯ ಸಮಯ ನೋಡಿ. ತಲುಪಿದ್ದು ಕೂಡಲೇ, ಓದಿದ್ದು ಪ್ರತಿ ಸಲವೂ ಅರ್ಧ ದಿನ ಒಂದು ದಿನ ಬಿಟ್ಟು ಎಂದಿದ್ದರೆ ಬಹುಮಟ್ಟಿಗೆ ಮ್ಯೂಟ್ ಎಂದೇ ತಿಳಿಯಬಹುದು. ಒಂದು ಸಲ ಮಾತ್ರ ತಡವಾಗಿದ್ದರೆ ಅವರು ಬೇರೆ ಕೆಲಸದಲ್ಲಿದ್ದರು ಅಷ್ಟೇ.

ವಾಟ್ಸಾಪ್‌ನಲ್ಲಿ ಮ್ಯೂಟ್ ಮಾಡಲು 8 ಗಂಟೆ, 1 ವಾರ, ಯಾವಾಗಲೂ ಎಂಬ ಮೂರು ಆಯ್ಕೆಗಳಿವೆ. ಒಮ್ಮೆ ಬೇಸತ್ತವರು ಒತ್ತುವುದು ಮೂರನೆಯದನ್ನೇ. ಹಾಗೆ ಒತ್ತಿದವರನ್ನು ದೂರುವಂತಿಲ್ಲ. ಒಂದೂವರೆ ದಿನದಲ್ಲಿ 38 ಸಲ ಫೋನ್ ಸದ್ದು ಮಾಡಿ, ಅದರಲ್ಲಿ ಒಂದೂ ತಮ್ಮ ಕೆಲಸದ್ದಲ್ಲ ಎಂದಾದರೆ ಯಾರೇ ಆದರೂ ಅದನ್ನೇ ಮಾಡುತ್ತಾರೆ. ದೋಷ ಇರುವುದು ಆ 38ರಲ್ಲಿ.

ಮೊದಲು ಹನ್ನೊಂದು ‘ಓಕೆ’ಗಳನ್ನು ತೆಗೆದುಕೊಳ್ಳಿ. ಒಳ್ಳೆಯ ಮನಸ್ಸಿನಿಂದ ಬಂದವೇ. ಆದರೆ ಪ್ರತಿಯೊಂದೂ ಎಲ್ಲರ ಫೋನನ್ನೂ ಸದ್ದು ಮಾಡಿಸುತ್ತದೆ, ನೋಟಿಸನ್ನು ಒಂದು ಹೆಜ್ಜೆ ಮೇಲಕ್ಕೆ ತಳ್ಳುತ್ತದೆ. ಅದರ ಬದಲು ನೋಟಿಸಿನ ಮೇಲೇ ಬೆರಳು ಒತ್ತಿ ಹಿಡಿದು 👍 ಒತ್ತಿದರೆ ಸೂಚನೆ ಹೋಗುವುದು ಬರೆದವರಿಗೆ ಮಾತ್ರ, ನೋಟಿಸ್ ಇದ್ದಲ್ಲೇ ಇರುತ್ತದೆ, ಯಾರು ಯಾರು ಒಪ್ಪಿದರು ಎಂಬ ಲೆಕ್ಕವೂ ಸಿಗುತ್ತದೆ. ಇದೊಂದೇ ಅಭ್ಯಾಸದಿಂದ ಗ್ರೂಪಿನ ಗದ್ದಲ ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಹೊಸಬರು ಸೇರಿದ ದಿನವೇ ಹೇಳಿಕೊಡಿ.

ಶುಭೋದಯ, ಹಬ್ಬದ ಹಾರೈಕೆ, ಪಾರ್ಕಿಂಗ್ ಮಾತು, ಇವನ್ನು ನಿಷೇಧಿಸುವುದಕ್ಕಿಂತ ಬೇರೆ ಜಾಗ ಕೊಡುವುದು ಮೇಲು. ಎರಡು ಗ್ರೂಪ್ ಮಾಡಿ. ಒಂದರ ಹೆಸರು ‘ಸೂಚನೆ ಮಾತ್ರ’, ಇನ್ನೊಂದು ‘ಮಾತುಕತೆ’. ಮೊದಲನೆಯದರಲ್ಲಿ ಗ್ರೂಪಿನ ಮಾಹಿತಿ ತೆರೆದು Group permissions ಒಳಗೆ ಸಂದೇಶ ಕಳಿಸುವ ಅನುಮತಿಯನ್ನು ಅಡ್ಮಿನ್‌ಗಳಿಗಷ್ಟೇ ಉಳಿಸಿ. ಎಲ್ಲರಿಗೂ ಒಂದು ಒಪ್ಪಂದ ತಿಳಿಸಿ: ಮಾತುಕತೆಯನ್ನು ಬೇಕಾದರೆ ಶಾಶ್ವತವಾಗಿ ಮ್ಯೂಟ್ ಮಾಡಿಕೊಳ್ಳಿ, ಸೂಚನೆಯನ್ನು ಮಾಡಬೇಡಿ. ಅದಕ್ಕೆ ಪ್ರತಿಯಾಗಿ ಸೂಚನೆಯ ಗ್ರೂಪಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 8ರವರೆಗೆ ಏನೂ ಬರುವುದಿಲ್ಲ, ಒಂದು ಕೆಲಸಕ್ಕೆ ನಾಲ್ಕಕ್ಕಿಂತ ಹೆಚ್ಚು ಸಂದೇಶ ಇರುವುದಿಲ್ಲ, ಕೆಲಸ ತಡವಾದಾಗ ಮಾತ್ರ ಒಂದೆರಡು ಹೆಚ್ಚಾಗಬಹುದು. ಈ ಮಾತನ್ನು ಅಡ್ಮಿನ್‌ಗಳು ಒಂದು ಸಲ ಮುರಿದರೂ ಮ್ಯೂಟ್ ಮತ್ತೆ ಶುರುವಾಗುತ್ತದೆ. ಐದಾರು ಮನೆಗಳಷ್ಟೇ ಇದ್ದು ದಿನಕ್ಕೆ ನಾಲ್ಕೈದು ಸಂದೇಶ ಬರುವ ಕಡೆ ಎರಡು ಗ್ರೂಪ್ ಬೇಕಿಲ್ಲ.

ಮ್ಯೂಟ್ ಮಾಡಿದವರಿಗೂ ಹೆಸರಿನ ಮುಂದೆ @ ಹಾಕಿ ಬರೆದರೆ ಸಾಮಾನ್ಯವಾಗಿ ಸೂಚನೆ ಹೋಗುತ್ತದೆ. ಇದನ್ನು ಆ ಮನೆಗೆ ಮಾತ್ರ ಸಂಬಂಧಿಸಿದ ವಿಷಯಕ್ಕೆ ಇಟ್ಟುಕೊಳ್ಳಿ. ಪ್ರತಿ ನೋಟಿಸಿಗೂ ಹದಿನಾರು ಹೆಸರು ಸೇರಿಸಿದರೆ ಅದೂ ಗದ್ದಲದ ಒಂದು ಭಾಗವಾಗುತ್ತದೆ.

ರಿಪೇರಿ ಮೂರು: ನೋಟಿಸಿನ ಬರವಣಿಗೆ

8ನೇ ಮನೆಯ ಪ್ರಕರಣ ನಿಜವಾಗಿ ಭಾಷೆಯದ್ದು. ‘ಇವತ್ತು’, ‘ನಾಳೆ’, ‘ನಾಡಿದ್ದು’ ಎಂಬ ಮಾತುಗಳು ಎದುರಿಗೆ ನಿಂತು ಹೇಳುವಾಗ ಸರಿ. ಗ್ರೂಪಿನಲ್ಲಿ ಬರೆದ ದಿನ ಒಂದು, ಓದುವ ದಿನ ಇನ್ನೊಂದು. ಆದ್ದರಿಂದ ವಾರವನ್ನೂ ದಿನಾಂಕವನ್ನೂ ಎರಡನ್ನೂ ಬರೆಯಿರಿ. ಒಂದರಲ್ಲಿ ಕೈತಪ್ಪಿದರೆ ಇನ್ನೊಂದರಿಂದ ಯಾರಾದರೂ ಗುರುತಿಸಿ ಕೇಳುತ್ತಾರೆ. ಬರೀ ‘9ರಿಂದ 1’ ಎಂದು ಬರೆಯದೆ ‘ಬೆಳಗ್ಗೆ’, ‘ಮಧ್ಯಾಹ್ನ’ ಸೇರಿಸಿ. ‘ಶನಿವಾರ ರಾತ್ರಿ 12’ ಎಂದು ಎಂದೂ ಬರೆಯಬೇಡಿ. ಅದು ಶುಕ್ರವಾರ ಕಳೆದು ಬರುವ ರಾತ್ರಿಯೋ ಶನಿವಾರ ಕಳೆದದ್ದೋ ಯಾರಿಗೂ ತಿಳಿಯದು. ರಾತ್ರಿ 11:45 ಎಂದರೆ ಗೊಂದಲವಿಲ್ಲ.

ಫೋನಿನ ಪರದೆಯ ಮೇಲೆ ಸೂಚನೆ ಬಂದಾಗ ಕಾಣುವುದು ಮೊದಲ ಸಾಲು, ಹೆಚ್ಚೆಂದರೆ ಎರಡು. ಅಲ್ಲಿ ‘ಆತ್ಮೀಯ ನಿವಾಸಿಗಳೇ, ಎಲ್ಲರಿಗೂ ನಮಸ್ಕಾರ, ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಎಂದಿದ್ದರೆ ವಿಷಯ ಹೊರಗೇ ಉಳಿಯುತ್ತದೆ. ಏನು, ಯಾವಾಗ ಎಂಬುದು ಮೊದಲ ಸಾಲಿನಲ್ಲಿರಲಿ, ನಮಸ್ಕಾರ ಕೊನೆಗೆ ಬರಲಿ. ಚಿತ್ರ, ಪಿಡಿಎಫ್, ಧ್ವನಿ ಸಂದೇಶ ಬೇಡ. ಅವುಗಳ ಒಳಗಿನ ಮಾತನ್ನು ಹುಡುಕಲು ಬರುವುದಿಲ್ಲ. ಮೇಲಾಗಿ ಧ್ವನಿಯನ್ನು ಕೆಲಸದ ಜಾಗದಲ್ಲಿ ಕೇಳಲಾಗುವುದಿಲ್ಲ. ಮೇಲಿನ ಪೋಸ್ಟರನ್ನು ಹೀಗೆ ಬರೆಯಬಹುದಿತ್ತು:

> ನೀರು ಇಲ್ಲ: ಶನಿವಾರ 14, ಬೆಳಗ್ಗೆ 9ರಿಂದ ಮಧ್ಯಾಹ್ನ 1
> ಕಾರಣ: ಮೇಲಿನ ಟ್ಯಾಂಕ್ ತೊಳೆಯುವುದು. ಹತ್ತೂ ಮನೆಗೆ ಅನ್ವಯ.
> ನೀವು ಮಾಡಬೇಕಾದ್ದು: ಶುಕ್ರವಾರ ರಾತ್ರಿಯೇ ನೀರು ತುಂಬಿಟ್ಟುಕೊಳ್ಳಿ. 9ಕ್ಕೆ ಮೊದಲು ಎಲ್ಲ ನಲ್ಲಿ ಮುಚ್ಚಿ. ನೀರು ಬಂದ ಮೇಲೆ ಗೀಸರ್ ಹಾಕುವ ಮುನ್ನ ನಲ್ಲಿಯಲ್ಲಿ ನೀರು ತಿಳಿಯಾಗುವವರೆಗೆ ಬಿಡಿ.
> ಕೇಳಬೇಕಿದ್ದರೆ: 1ನೇ ಮನೆ, ನೇರ ಫೋನ್ ಮಾಡಿ.
> ಓದಿದವರು 👍 ಒತ್ತಿ. ನಮಸ್ಕಾರ.

‘ನೀವು ಮಾಡಬೇಕಾದ್ದು’ ಎಂಬ ಸಾಲನ್ನು ಬಿಡಬೇಡಿ. ನಲ್ಲಿ ತೆರೆದಿಟ್ಟು ಹೊರಗೆ ಹೋದ ಒಂದು ಮನೆ ಸಾಕು, ನೀರು ಮರಳಿದಾಗ ಕೆಳಗಿನ ಮನೆಯ ಛಾವಣಿ ಸೋರಲು. ತಪ್ಪು ಕಂಡರೆ ಸಂದೇಶವನ್ನು ತಿದ್ದಲು 15 ನಿಮಿಷದ ಅವಕಾಶವಿದೆ, ಅಷ್ಟರೊಳಗೆ ತಿದ್ದಿ. ಅದು ದಾಟಿದ್ದರೆ ಅಥವಾ ಈಗಾಗಲೇ ಹಲವರು ಓದಿದ್ದರೆ ಸದ್ದಿಲ್ಲದೆ ತಿದ್ದಬೇಡಿ, ‘ತಿದ್ದುಪಡಿ: ಶನಿವಾರ ಅಲ್ಲ, ಭಾನುವಾರ 15’ ಎಂದು ಹೊಸ ಸಂದೇಶ ಹಾಕಿ ಹಳೆಯದನ್ನು ಅಳಿಸಿ. ಹಳೆಯದು ಓದಿದವರು ತಿದ್ದಿದ್ದನ್ನು ಮತ್ತೆ ಹೋಗಿ ನೋಡುವುದಿಲ್ಲ.

ರಿಪೇರಿ ನಾಲ್ಕು: ವೇಳಾಪಟ್ಟಿ

ಮೊದಲೇ ಗೊತ್ತಿರುವ ಕೆಲಸಕ್ಕೆ ನಾಲ್ಕು ಸಂದೇಶ. ಮೊದಲನೆಯದು ಪೂರ್ತಿ ನೋಟಿಸ್, ಕನಿಷ್ಠ 48 ಗಂಟೆ ಮುಂಚೆ, ಸಂಜೆ 6:30ರಿಂದ 8ರ ನಡುವೆ. ಬೆಳಗ್ಗೆ ಹಾಕಿದ್ದನ್ನು ಜನ ಧಾವಂತದಲ್ಲಿ ಓದಿ ಮರೆಯುತ್ತಾರೆ, ರಾತ್ರಿ 10ರ ಮೇಲೆ ಹಾಕಿದ್ದು ಮರುದಿನದ ಗದ್ದಲದ ಕೆಳಗೆ ಹೋಗುತ್ತದೆ. ಎರಡನೆಯದು ಹಿಂದಿನ ದಿನ ಸಂಜೆ 7:30ಕ್ಕೆ, ಒಂದೇ ಸಾಲು. ಅದನ್ನು ಹೊಸದಾಗಿ ಬರೆಯದೆ ಮೊದಲ ನೋಟಿಸಿಗೇ ರಿಪ್ಲೈ ಆಗಿ ಹಾಕಿ, ಮುಟ್ಟಿದರೆ ಮೂಲ ನೋಟಿಸಿಗೆ ಹೋಗುವಂತೆ. ಮೂರನೆಯದು ಶುರುವಾಗುವ ಅರ್ಧ ಗಂಟೆ ಮುಂಚೆ. ನಾಲ್ಕನೆಯದು ಕೆಲಸ ಮುಗಿದಾಗ.

ಮೊದಲ ನೋಟಿಸನ್ನು ಪಿನ್ ಮಾಡುವಾಗ ಅವಧಿ ನೋಡಿಕೊಳ್ಳಿ. 24 ಗಂಟೆ, 7 ದಿನ, 30 ದಿನ ಎಂಬ ಆಯ್ಕೆಗಳಿವೆ. 48 ಗಂಟೆ ಮುಂಚೆ ಹಾಕಿ 24 ಗಂಟೆಗೆ ಪಿನ್ ಮಾಡಿದರೆ ಬೇಕಾದ ದಿನ ಅದು ಮೇಲಿರುವುದಿಲ್ಲ. 7 ದಿನ ಆರಿಸಿ, ಕೆಲಸ ಮುಗಿದಾಗ ಕೈಯಾರೆ ತೆಗೆಯಿರಿ. ಒಂದೇ ಹೊತ್ತಿಗೆ ಪಿನ್ ಆಗುವುದು ಮೂರು ಸಂದೇಶ ಮಾತ್ರ. ಹಳೆಯದನ್ನು ತೆಗೆಯದಿದ್ದರೆ ಜಾಗ ತುಂಬಿಕೊಳ್ಳುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದಿದೆ. ಗ್ರೂಪಿನಲ್ಲಿ ಸಂದೇಶ ತಾನಾಗಿ ಮಾಯವಾಗುವ ಸೆಟ್ಟಿಂಗ್, ಅಂದರೆ Disappearing messages, 24 ಗಂಟೆಗೆ ಇಟ್ಟಿದ್ದರೆ ಗುರುವಾರ ಸಂಜೆಯ ನೋಟಿಸ್ ಶುಕ್ರವಾರ ಸಂಜೆಗೇ ಇರುವುದಿಲ್ಲ. ಶನಿವಾರ ಬೆಳಗ್ಗೆ ‘ಮೇಲೆ ನೋಡಿ’ ಎಂದರೆ ನೋಡಲು ಅಲ್ಲಿ ಏನೂ ಇಲ್ಲ. ಹಾಕಿದವರು ಸುಳ್ಳು ಹೇಳುತ್ತಿದ್ದಾರೆ ಎಂದೇ ಜನ ತಿಳಿಯುತ್ತಾರೆ. ಸೂಚನೆಯ ಗ್ರೂಪಿನಲ್ಲಿ ಇದು ಬಂದ್ ಇರಬೇಕು, ಇಲ್ಲವೇ 90 ದಿನ ಇರಲಿ.

ಎರಡನೇ ಸಂದೇಶ ಹಾಕಿದ ಮೇಲೆ, ರಾತ್ರಿ 8:30ರ ಹೊತ್ತಿಗೆ, ಮೊದಲ ನೋಟಿಸಿನ ಮಾಹಿತಿ ತೆರೆದು ಮನೆವಾರು ನೋಡಿ. ಪ್ರತಿ ಮನೆಯಿಂದ ಒಬ್ಬರಾದರೂ ಓದಿದ್ದಾರೆಯೇ ಎಂಬುದೊಂದೇ ಪ್ರಶ್ನೆ. ಯಾರೂ ಓದದ ಮನೆಗೆ ಫೋನ್ ಮಾಡಿ ಅಥವಾ ಬಾಗಿಲು ತಟ್ಟಿ ಹೇಳಿ. ನಮ್ಮ ಮಾದರಿ ಕಟ್ಟಡದಲ್ಲಿ ಶುಕ್ರವಾರ ರಾತ್ರಿ ಹೀಗೆ ನೋಡಿದ್ದರೆ 2, 5, 6 ಮೂರೂ ಮನೆಗಳು ಅಲ್ಲೇ ಕಾಣುತ್ತಿದ್ದವು. ಮೂರು ಫೋನ್ ಕರೆ, ಹೆಚ್ಚೆಂದರೆ ಐದು ನಿಮಿಷ.

ಕೆಲಸ ತಡವಾದಾಗ ಏನು ಮಾಡಬೇಕು ಎಂಬುದನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಶಾಂತವಾಗಿದ್ದ ಗ್ರೂಪ್ ಕೆಡುವುದು ಹೆಚ್ಚಾಗಿ ಆಗಲೇ. 1 ಗಂಟೆಗೆ ಎಂದು ಹೇಳಿದ್ದೀರಿ, ಕೆಲಸ ಮುಗಿದಿಲ್ಲ. ಕೆಲಸದವರು ‘ಇನ್ನೇನು ಆಯ್ತು’ ಎನ್ನುತ್ತಿದ್ದಾರೆ. ಮುಗಿದ ಮೇಲೇ ಹೇಳೋಣ ಎಂದು ಸುಮ್ಮನಿದ್ದರೆ 1:05ಕ್ಕೆ ಮೊದಲ ‘ನೀರು ಯಾವಾಗ?’ ಬರುತ್ತದೆ, 1:30ರೊಳಗೆ ಅದು ಹತ್ತಾಗುತ್ತದೆ. ಹೇಳಿದ ಸಮಯಕ್ಕೆ, ಸರಿಯಾಗಿ 1 ಗಂಟೆಗೆ, ಒಂದು ಸಾಲು ಹೋಗಬೇಕು: ‘ಟ್ಯಾಂಕ್ ಕೆಲಸ ಮುಗಿದಿಲ್ಲ, ತಳದ ಹೂಳು ತೆಗೆಯುತ್ತಿದ್ದಾರೆ. ಮುಂದಿನ ಸುದ್ದಿ 2 ಗಂಟೆಗೆ.’ ನೀರು 2ಕ್ಕೆ ಬರುತ್ತದೆ ಎಂದು ಹೇಳುತ್ತಿಲ್ಲ, ಸುದ್ದಿ 2ಕ್ಕೆ ಬರುತ್ತದೆ ಎನ್ನುತ್ತಿದ್ದೀರಿ. ಮೊದಲನೆಯದು ನಿಮ್ಮ ಕೈಯಲ್ಲಿಲ್ಲ, ಎರಡನೆಯದು ಇದೆ. 2ಕ್ಕೂ ಮುಗಿಯದಿದ್ದರೆ ಹಾಗೆಯೇ ಇನ್ನೊಂದು ಸಾಲು.

ಸಣ್ಣಪುಟ್ಟ ವಿಷಯಗಳಿಗೆ ವಾರಕ್ಕೆ ಒಂದೇ ಸಂದೇಶ, ಭಾನುವಾರ ಸಂಜೆ: ಮುಂದಿನ ವಾರ ಯಾವ ಯಾವ ಕೆಲಸದವರು ಬರುತ್ತಾರೆ, ಯಾವ ದಿನ ಎಂದು. ಹೇಳಲು ಏನೂ ಇಲ್ಲದ ವಾರ ಸಂದೇಶವೂ ಬೇಡ.

ತುರ್ತು

‘ತುರ್ತು’ ಎಂಬ ಪದ ನೋಟಿಸಿನ ಮೊದಲಿಗೆ ಬರಬೇಕಾದ್ದು ಜೀವಕ್ಕೆ ಅಥವಾ ಮನೆಗೆ ಈಗಲೇ ಅಪಾಯ ಇದ್ದಾಗ ಮಾತ್ರ: ಬೆಂಕಿ, ಗ್ಯಾಸ್ ವಾಸನೆ, ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡಿರುವುದು, ಒಂದು ಮನೆಯಿಂದ ಇನ್ನೊಂದಕ್ಕೆ ನೀರು ಹರಿಯುತ್ತಿರುವುದು. ಇಲ್ಲಿ ರಾತ್ರಿ ಹಗಲಿನ ನಿಯಮ ಇಲ್ಲ. ಆದರೆ ಗ್ರೂಪ್ ಇಲ್ಲಿ ಎರಡನೆಯ ದಾರಿ. ಮೊದಲು ತುರ್ತು ಸೇವೆಗೆ ಫೋನ್, ಆಮೇಲೆ ಮನೆಗಳ ಬಾಗಿಲು, ಕೊನೆಗೆ ಸಂದೇಶ. ಮಲಗಿದವರ ಫೋನ್ ಮೌನವಾಗಿರುತ್ತದೆ. ಗ್ಯಾಸ್ ವಾಸನೆ ಇದ್ದರೆ ಕಾಲಿಂಗ್ ಬೆಲ್ ಒತ್ತಬೇಡಿ, ಲೈಟಿನ ಸ್ವಿಚ್ ಮುಟ್ಟಬೇಡಿ, ಅದರ ಕಿಡಿಯೇ ಸಾಕು. ಕೈಯಿಂದ ಬಾಗಿಲು ಬಡಿಯುತ್ತಾ ಹೊರಗೆ ಬನ್ನಿ, ಫೋನ್ ಮಾಡುವುದು ಹೊರಗೆ ಬಂದ ಮೇಲೆ.

ಗ್ರೂಪ್ ಬಿಸಿಯಾದಾಗ

ಆ 18 ಪಾರ್ಕಿಂಗ್ ಸಂದೇಶ ಶುರುವಾದದ್ದು ‘ಕೆಲವರಿಗೆ ಎಷ್ಟು ಸಲ ಹೇಳಿದರೂ ಅರ್ಥವಾಗುವುದಿಲ್ಲ’ ಎಂಬ ಸಾಲಿನಿಂದ. ಹೆಸರು ಹೇಳದಿದ್ದರೆ ಮರ್ಯಾದೆ ಉಳಿಯುತ್ತದೆ ಎಂದು ಬರೆದವರ ಭಾವನೆ. ಆಗುವುದು ತಿರುಗುಮುರುಗು. ತಪ್ಪು ಮಾಡದ ಎಂಟು ಮನೆಯವರು ‘ನಮಗೇ ಹೇಳಿದ್ದು’ ಎಂದು ನೊಂದುಕೊಳ್ಳುತ್ತಾರೆ, ಮಾಡಿದವರು ತಮಗಲ್ಲ ಎಂದುಕೊಳ್ಳುತ್ತಾರೆ. ಒಬ್ಬರಿಗೆ ಸಂಬಂಧಿಸಿದ್ದನ್ನು ಆ ಒಬ್ಬರಿಗೇ ಹೇಳಬೇಕು, ಸಾಧ್ಯವಾದರೆ ಬರೆದಲ್ಲ, ಮಾತಾಡಿ. ‘ಅಣ್ಣಾ, ನಿಮ್ಮ ಬೈಕ್ ಸ್ವಲ್ಪ ಒಳಗೆ ತೆಗೆದುಕೊಳ್ಳುತ್ತೀರಾ, ನನ್ನ ಗಾಡಿ ಹೊರಗೆ ಬರುತ್ತಿಲ್ಲ’ ಎಂದು ಫೋನಿನಲ್ಲಿ ಹೇಳಿದರೆ ಮುಗಿಯುವ ಮಾತು ಅದು. ಗಾಡಿ ಯಾರದ್ದೆಂದು ಗೊತ್ತಿಲ್ಲದಿದ್ದರೆ ಮಾತ್ರ ಗ್ರೂಪಿನಲ್ಲಿ ಕೇಳಿ: ‘ಗೇಟಿನ ಎಡಗಡೆ ಇರುವ ಕಪ್ಪು ಬೈಕ್ ಯಾರದ್ದು? ದಯವಿಟ್ಟು ಫೋನ್ ಮಾಡಿ, 7ನೇ ಮನೆ.’ ಉತ್ತರ ಬಂದ ಕೂಡಲೇ ಆ ಸಂದೇಶ ಅಳಿಸಿ. ಕಸದ ಚೀಲದ, ಚಪ್ಪಲಿಯ, ಮಕ್ಕಳ ಫೋಟೊ ತೆಗೆದು ಹಾಕುವುದು ಬೇಡವೇ ಬೇಡ.

ಜಗಳ ಶುರುವಾಗಿಬಿಟ್ಟರೆ ಅಡ್ಮಿನ್‌ಗೆ ಗುರುತು ಇದು: ಅದೇ ಇಬ್ಬರು ಒಬ್ಬರಿಗೊಬ್ಬರು ಎರಡು ಸಲ ಉತ್ತರ ಕೊಟ್ಟಾಗ. ಮೂರನೆಯದಕ್ಕೆ ಕಾಯಬೇಡಿ. ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ. ಗ್ರೂಪಿನಲ್ಲಿ ತೀರ್ಪು ಹೇಳದೆ ‘ಇದನ್ನು ಫೋನಿನಲ್ಲಿ ಮಾತಾಡುತ್ತಿದ್ದೇವೆ, ತೀರ್ಮಾನವನ್ನು ಇಲ್ಲಿ ತಿಳಿಸುತ್ತೇವೆ’ ಎಂದಷ್ಟೇ ಬರೆಯಿರಿ, ತೀರ್ಮಾನ ಆದಾಗ ತಪ್ಪದೆ ತಿಳಿಸಿ. ಆದರೂ ನಿಲ್ಲದಿದ್ದರೆ ಮಾತುಕತೆಯ ಗ್ರೂಪನ್ನು ರಾತ್ರಿಯ ಮಟ್ಟಿಗೆ ಅಡ್ಮಿನ್‌ಗಳಿಗಷ್ಟೇ ಸೀಮಿತ ಮಾಡಿ, ‘ಬೆಳಗ್ಗೆ 8ಕ್ಕೆ ತೆರೆಯುತ್ತೇವೆ’ ಎಂದು ಹೇಳಿಯೇ ಮಾಡಿ, ಹೇಳಿದ ಹೊತ್ತಿಗೆ ತೆರೆಯಿರಿ. ಜಗಳವಾಡಿದವರನ್ನು ಗ್ರೂಪಿನಿಂದ ತೆಗೆಯುವುದು ಪರಿಹಾರವಲ್ಲ. ಅವರೂ ಇದೇ ಕಟ್ಟಡದಲ್ಲಿ ಇದ್ದಾರೆ, ಮುಂದಿನ ನೀರಿನ ನೋಟಿಸ್ ಅವರಿಗೂ ತಲುಪಬೇಕು. ಅಡ್ಮಿನ್ ಸ್ವತಃ ಜಗಳದಲ್ಲಿ ಒಬ್ಬರಾಗಿದ್ದರೆ ಆ ದಿನದ ಕೆಲಸವನ್ನು ಇನ್ನೊಬ್ಬ ಅಡ್ಮಿನ್‌ಗೆ ಬಿಡಬೇಕು.

ಹಣದ ವಿಷಯದಲ್ಲಿ ಗ್ರೂಪಿಗೆ ಹೋಗಬೇಕಾದ್ದು ಒಟ್ಟು ಲೆಕ್ಕ ಮಾತ್ರ: ಎಷ್ಟು ಮನೆಯಿಂದ ಬಂತು, ಯಾವುದಕ್ಕೆ ಖರ್ಚಾಯಿತು, ಎಷ್ಟು ಉಳಿದಿದೆ. ಯಾರದ್ದು ಬಾಕಿ ಎಂಬುದು ಆ ಮನೆಗೆ ಪ್ರತ್ಯೇಕ ಸಂದೇಶವಾಗಿ ಹೋಗಬೇಕು. ಬಾಕಿಯವರ ಪಟ್ಟಿ ಒಮ್ಮೆ ಗ್ರೂಪಿಗೆ ಬಿದ್ದರೆ ಅದು ಹದಿನೇಳು ಫೋನಿನಲ್ಲಿ ಉಳಿಯುತ್ತದೆ, ಹಣ ಕಟ್ಟಿದ ಮೇಲೂ. ಅದೇ ರೀತಿ ಬಾಡಿಗೆ ಏರಿಕೆ, ಮುಂಗಡ, ಮನೆ ಬಿಡುವ ಮಾತು, ಇವೆಲ್ಲ ಆ ಮನೆಯವರಿಗೂ ಮಾಲೀಕರಿಗೂ ನಡುವೆ ಲಿಖಿತವಾಗಿ ಆಗಬೇಕಾದವು. ಗ್ರೂಪಿನಲ್ಲಿ ಯಾರಾದರೂ ಅದನ್ನು ಎತ್ತಿದರೆ ಅಡ್ಮಿನ್ ಅಲ್ಲಿ ಉತ್ತರ ಕೊಡದೆ, ಅವರಿಗೆ ನೇರವಾಗಿ ಫೋನ್ ಮಾಡಿ ಮಾಲೀಕರಿಗೆ ಪತ್ರ ಬರೆಯುವಂತೆ ತಿಳಿಸಬೇಕು.